ಕ್ಯಾನ್ಸಲ್ ಆಯಿತು, ಆದರೂ ಬ್ಯಾಂಕ್ ಆ್ಯಪ್‌ನಲ್ಲಿ Active ಅಂತಿದೆ!

ಪ್ರಶ್ನೆ: ಸರ್, ನಮ್ದು ಗದಗ-ಬೆಟಗೇರಿ. ಮನ್ಯಾಗ ನೆಟ್‌ಫ್ಲಿಕ್ಸ್ ಇತ್ತು. ತಿಂಗಳಿಗೆ 199 ರೂಪಾಯಿ, ನನ್ನ ಡೆಬಿಟ್ ಕಾರ್ಡ್‌ದಿಂದ ಪ್ರತಿ 12ನೇ ತಾರೀಖಿಗೆ ಕಟ್ ಆಗ್ತಿತ್ತು. ಮಗಳು ಕಲಿಯಾಕ ಧಾರವಾಡಕ್ಕ ಹೋದ್ಲು, ಇನ್ನ ಯಾರು ನೋಡಬೇಕಂತ ಆಗಸ್ಟ್ 28ಕ್ಕ ಕ್ಯಾನ್ಸಲ್ ಮಾಡಿಸಿದೆ. ಆದ್ರ ಇವತ್ತು ಸೆಪ್ಟೆಂಬರ್ 3, ಟಿವ್ಯಾಗ ಇನ್ನೂ ಹಂಗ ನಡದೈತಿ. ಬ್ಯಾಂಕ್ ಆ್ಯಪ್‌ನ್ಯಾಗ ನೋಡಿದ್ರ ಅದರ ಹೆಸರಿನ ಮುಂದ Active ಅಂತ ತೋರಸ್ತೈತಿ. ಬಾಜೂ ಮನಿಯವ್ರು ಕಾರ್ಡ್ ಬ್ಲಾಕ್ ಮಾಡ್ಸಿ ಬಿಡ್ರಿ ಅಂತಾರ. ಈ ಟಿವಿ ಹಾವೇರಿಯಾಗಿನ ನಮ್ಮ ತಮ್ಮನ ಮನಿಗೆ ಕೊಡೂದೈತಿ. ಅದಕ್ಕಿಂತ ಮೊದ್ಲ ನನ್ನ ಕಾರ್ಡ್ ನಂಬರು, ನಮ್ಮ ನಾಲ್ಕೂ ಮಂದಿ ಹೆಸರು, ನೋಡಿದ್ದೆಲ್ಲಾ ಪೂರಾ ಅಳಸಬೇಕಂದ್ರ ಏನ್ ಮಾಡಬೇಕ್ರಿ?

ಉತ್ತರ: ಅಕ್ಕಾವ್ರ, ಕಾರ್ಡ್ ಬ್ಲಾಕ್ ಮಾಡಿಸಲು ಹೋಗಬೇಡಿ. ನೀವು ಬರೆದಿದ್ದನ್ನು ನೋಡಿದರೆ ಕ್ಯಾನ್ಸಲ್ ಸರಿಯಾಗಿಯೇ ಆಗಿರಬೇಕು. ಟಿವಿ ಇನ್ನೂ ನಡೆಯುತ್ತಿದೆ ಎಂಬುದೊಂದೇ ಕ್ಯಾನ್ಸಲ್ ಆಗಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಆಗಸ್ಟ್ 12ಕ್ಕೆ ಕೊಟ್ಟ ರೊಕ್ಕ ಸೆಪ್ಟೆಂಬರ್ 12ರ ತನಕದ್ದು. ನಡುವೆ ಯಾವತ್ತು ಕ್ಯಾನ್ಸಲ್ ಮಾಡಿದರೂ ಆ ಅವಧಿ ಮುಗಿಯುವವರೆಗೆ ನೋಡಬಹುದು, ಉಳಿದ ದಿನಗಳ ಹಣ ವಾಪಸ್ ಬರುವುದಿಲ್ಲ. ಖಾತ್ರಿ ಬೇಕಿದ್ದರೆ ಎರಡು ಕಡೆ ನೋಡಿ. ಒಂದು, ಖಾತೆಗೆ ಕೊಟ್ಟ ಇಮೇಲ್‌ಗೆ ಸದಸ್ಯತ್ವ ರದ್ದಾಗಿದೆ, ಇಂಥ ದಿನದವರೆಗೆ ನೋಡಬಹುದು ಎಂಬ ಪತ್ರ ಬಂದಿರಬೇಕು. ಇನ್ನೊಂದು, ಬ್ರೌಸರ್‌ನಲ್ಲಿ ಲಾಗಿನ್ ಆಗಿ Account ಪುಟ ತೆರೆದರೆ ಮುಂದಿನ ಬಿಲ್ಲಿನ ದಿನದ ಬದಲು ಸದಸ್ಯತ್ವ ಮುಗಿಯುವ ದಿನ ಕಾಣಬೇಕು. ಎರಡೂ ಇಲ್ಲದಿದ್ದರೆ ಯಾರೋ ಬರೀ ಆ್ಯಪ್ ತೆಗೆದುಹಾಕಿ "ಆತು" ಎಂದಿರುತ್ತಾರೆ. ಆ್ಯಪ್ ತೆಗೆದರೆ ಬಿಲ್ಲು ನಿಲ್ಲುವುದಿಲ್ಲ. ಹಾಗಾಗಿದ್ದರೆ netflix.com/cancelplan ಎಂದು ಟೈಪ್ ಮಾಡಿ, ಲಾಗಿನ್ ಆಗಿ, ಇವತ್ತೇ ಮುಗಿಸಿ. ಅಲ್ಲಿ ರದ್ದು ಮಾಡುವ ಗುಂಡಿಯೇ ಕಾಣದಿದ್ದರೆ ಹಣ ಮೊಬೈಲ್ ಅಥವಾ ಬ್ರಾಡ್‌ಬ್ಯಾಂಡ್ ಪ್ಯಾಕೇಜಿನಂಥ ಬೇರೆ ಕಂಪನಿಯ ಮೂಲಕ ಹೋಗುತ್ತಿರಬಹುದು. ನಿಮ್ಮದು ಕಾರ್ಡಿನಿಂದಲೇ ಕಟ್ ಆಗುತ್ತಿತ್ತು, ಆದ್ದರಿಂದ ಆ ತಾಪತ್ರಯ ನಿಮಗಿಲ್ಲ.

ಇನ್ನು ಬ್ಯಾಂಕ್ ಆ್ಯಪ್‌ನಲ್ಲಿ ಕಾಣುವ Active. ನಾನು ಬ್ಯಾಂಕೊಂದರ ಕಾರ್ಡ್ ದೂರು ವಿಭಾಗದಲ್ಲಿ ಕೂತಿದ್ದ ವರ್ಷಗಳಲ್ಲಿ ಇದೇ ಪದ ನೋಡಿ ಗಾಬರಿಯಾಗಿ ಬಂದವರು ಕಡಿಮೆಯಲ್ಲ. ನಿಮ್ಮ ಕಾರ್ಡಿಗೂ ಆ ಕಂಪನಿಗೂ ನಡುವೆ ಇರುವುದು ಒಂದು ಸಂಬಂಧವಲ್ಲ, ಮೂರು. ಸಬ್‌ಸ್ಕ್ರಿಪ್ಶನ್ ಎಂಬುದು ನಿಮಗೂ ಕಂಪನಿಗೂ ಇರುವ ಕರಾರು. ಮ್ಯಾಂಡೇಟ್ ಎಂಬುದು "ಇವರು ಕೇಳಿದಾಗ ಇಷ್ಟರ ಮಟ್ಟಿಗೆ ಕೊಡಿ" ಎಂದು ನೀವು ಬ್ಯಾಂಕಿಗೆ ಒಮ್ಮೆ ಓಟಿಪಿ ಹಾಕಿ ಕೊಟ್ಟ ಅನುಮತಿ. ಟೋಕನ್ ಎಂಬುದು ನಿಮ್ಮ ಕಾರ್ಡ್ ನಂಬರಿನ ಬದಲಿಗೆ ಅವರ ಬಳಿ ಇರುವ ಬದಲಿ ನಂಬರು. ಆಗಸ್ಟ್ 28ಕ್ಕೆ ನೀವು ಮುರಿದದ್ದು ಮೊದಲನೆಯದನ್ನು ಮಾತ್ರ. ಉಳಿದೆರಡು ಬೇರೆ ಕಡೆ ಇವೆ. ಬ್ಯಾಂಕ್ ಆ್ಯಪ್ ತೋರಿಸುತ್ತಿರುವುದು ಎರಡನೆಯದನ್ನು.

ಕಿರಾಣಿ ಅಂಗಡಿಯ ಉದ್ರಿ ವಹಿಯನ್ನು ನೆನಪಿಸಿಕೊಳ್ಳಿ. ನೀವು ಸಾಮಾನು ತರುವುದನ್ನು ನಿಲ್ಲಿಸಿದರೂ ವಹಿಯಲ್ಲಿ ನಿಮ್ಮ ಹೆಸರಿನ ಪುಟ ಹಾಗೇ ಇರುತ್ತದೆ. ಪುಟ ಇದ್ದ ಮಾತ್ರಕ್ಕೆ ಯಾರೂ ನಿಮ್ಮ ಹೆಸರಿಗೆ ಬರೆಯುವುದಿಲ್ಲ. ಆದರೆ ನಿಮ್ಮ ಮನೆಯ ಹುಡುಗನೊಬ್ಬ ಹೋಗಿ "ಅವ್ವನ ಲೆಕ್ಕಕ್ಕ ಬರ್ಕೋರಿ" ಎಂದರೆ ಬರೆದುಕೊಳ್ಳಲು ಪುಟ ತಯಾರಿರುತ್ತದೆ. ಮ್ಯಾಂಡೇಟ್ ಉಳಿದಿರುವುದರ ಅಪಾಯವೂ ಇಷ್ಟೇ. ರದ್ದಾದ ಖಾತೆ ಯಾವುದಾದರೂ ಟಿವಿಯಲ್ಲೋ ಟ್ಯಾಬ್‌ನಲ್ಲೋ ಲಾಗಿನ್ ಆಗಿಯೇ ಉಳಿದಿದ್ದರೆ, ಸದಸ್ಯತ್ವ ಮತ್ತೆ ಶುರು ಮಾಡಿ ಎಂಬ ಗುಂಡಿ ಅಲ್ಲಿ ಬರುತ್ತದೆ. ಹಾವೇರಿಯಲ್ಲಿ ನಿಮ್ಮ ತಮ್ಮನ ಮಕ್ಕಳು ರಿಮೋಟ್‌ನಲ್ಲಿ ಅದನ್ನು ಒತ್ತಿದರೆ, ಹಳೆಯ ಪಾವತಿ ವಿಧಾನವೂ ಹಳೆಯ ಅನುಮತಿಯೂ ಜೀವಂತವಿದ್ದಾಗ 199 ರೂಪಾಯಿ ಮತ್ತೆ ನಿಮ್ಮ ಖಾತೆಯಿಂದಲೇ ಹೋಗುವ ಸಾಧ್ಯತೆ ಇದೆ. ಕಳ್ಳತನ ಅಲ್ಲ, ಮೋಸ ಅಲ್ಲ, ಆದರೂ ನಿಮ್ಮ ರೊಕ್ಕ.

ಆ ಅನುಮತಿಯನ್ನು ಬ್ಯಾಂಕಿನಿಂದಲೇ ತೆಗೆಸಬೇಕು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿನ ಮೇಲಿನ ಇಂಥ ಮ್ಯಾಂಡೇಟನ್ನು ಗ್ರಾಹಕರು ಯಾವಾಗ ಬೇಕಾದರೂ ಆನ್‌ಲೈನ್‌ನಲ್ಲೇ ಹಿಂದಕ್ಕೆ ಪಡೆಯಬಹುದು, ಅದಕ್ಕೆ ಬ್ಯಾಂಕ್ ಶುಲ್ಕ ಹಾಕುವಂತಿಲ್ಲ. ನೀವು Active ಎಂದು ನೋಡಿದ ಅದೇ ಜಾಗದಲ್ಲಿ ಒತ್ತಿದರೆ ರದ್ದು ಮಾಡುವ ಆಯ್ಕೆ ಸಿಗುತ್ತದೆ. ಒಂದೊಂದು ಬ್ಯಾಂಕಿನಲ್ಲಿ ಅದರ ಹೆಸರು ಒಂದೊಂದು ಥರ: e-mandate, Standing instructions, Recurring payments. ಕೆಲವು ಬ್ಯಾಂಕುಗಳಲ್ಲಿ ಅಲ್ಲಿಂದ SI Hub ಎಂಬ ಬೇರೆ ಪುಟಕ್ಕೆ ಕರೆದೊಯ್ಯುತ್ತದೆ. ಅದು ಹಲವು ಬ್ಯಾಂಕುಗಳು ಬಳಸುವ ವ್ಯವಸ್ಥೆ, ಹೆದರಬೇಕಿಲ್ಲ. ಆದರೆ ಆ ಪುಟಕ್ಕೆ ನಿಮ್ಮ ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟ್ ಮೂಲಕವೇ ಹೋಗಿ, ಎಸ್‌ಎಂಎಸ್‌ನಲ್ಲಿ ಬಂದ ಯಾವುದೋ ಲಿಂಕಿನಿಂದ ಬೇಡ. ರದ್ದು ಮಾಡುವಾಗಲೂ ಒಂದು ಓಟಿಪಿ ಬರುತ್ತದೆ. ಇಲ್ಲಿ ಅನೇಕರು ಹಿಂದೇಟು ಹಾಕುತ್ತಾರೆ: "ನಿಲ್ಲಸಾಕ ಹೊಂಟೇನಿ, ಓಟಿಪಿ ಯಾಕ ಕೇಳ್ತೈತಿ?" ಬೇರೆ ಯಾರೋ ನಿಮ್ಮ ಹೆಸರಲ್ಲಿ ನಿಲ್ಲಿಸದಿರಲಿ ಎಂದೇ ಆ ನಿಯಮ. ನೀವೇ ತೆರೆದ ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಟೈಪ್ ಮಾಡುವ ಓಟಿಪಿ ಸರಿ, ಫೋನಿನಲ್ಲಿ ಮಾತಾಡುತ್ತಿರುವವರಿಗೆ ಹೇಳುವ ಓಟಿಪಿ ತಪ್ಪು.

ಕಾರ್ಡಿನ ಬದಲು ಯುಪಿಐನಿಂದ ಕೊಡುತ್ತಿರುವವರಿಗೆ ಇದೇ ಅನುಮತಿ ಅವರ ಯುಪಿಐ ಆ್ಯಪ್‌ನ Autopay ವಿಭಾಗದಲ್ಲಿ ಕಾಣುತ್ತದೆ. ಅದನ್ನು ಪೂರ್ತಿ ತೆಗೆಯಲು ಯುಪಿಐ ಪಿನ್ ಹಾಕಬೇಕು. Pause ಎಂದರೆ ತಾತ್ಕಾಲಿಕ ತಡೆ ಅಷ್ಟೇ, ತೆಗೆದಂತಲ್ಲ.

ಈಗ ನಿಮ್ಮ ಕಾರ್ಡ್ ನಂಬರಿನ ಮಾತು. ನೀವು ಹೆದರಿದಷ್ಟು ಅಲ್ಲಿ ಇಲ್ಲ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ವೀಸಾ, ರುಪೇ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳನ್ನು ಬಿಟ್ಟು ಬೇರೆ ಯಾರೂ ಪೂರ್ತಿ ಕಾರ್ಡ್ ನಂಬರನ್ನು ಇಟ್ಟುಕೊಳ್ಳುವಂತಿಲ್ಲ. ಅಂಗಡಿಯವರ ಕಡೆ ಉಳಿಯಬಹುದಾದದ್ದು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು. ಕಾರ್ಡಿನ ಹಿಂದಿನ ಮೂರಂಕಿಯ ಸಿವಿವಿಯನ್ನು ಇಟ್ಟುಕೊಳ್ಳುವುದಂತೂ ಮೊದಲಿನಿಂದಲೂ ನಿಷಿದ್ಧ. ಪೂರ್ತಿ ನಂಬರಿನ ಜಾಗದಲ್ಲಿ ಅವರ ಬಳಿ ಇರುವುದು ನಾನು ಮೇಲೆ ಹೇಳಿದ ಟೋಕನ್. ಆ ಟೋಕನ್ ಒಂದು ಕಾರ್ಡಿಗೆ, ಒಬ್ಬ ವ್ಯಾಪಾರಿಗೆ ಕಟ್ಟಿದ್ದು. ಯಾರಾದರೂ ಅದನ್ನು ಕದ್ದರೂ ಬೇರೆ ಅಂಗಡಿಯಲ್ಲಿ ನಡೆಯುವುದಿಲ್ಲ. ಹಾಗೆಯೇ ನೀವು ಈ ಒಂದನ್ನು ಅಳಿಸಿದರೆ ಬೇರೆ ಆ್ಯಪ್‌ಗಳಲ್ಲಿ ಉಳಿಸಿಟ್ಟ ಅದೇ ಕಾರ್ಡಿಗೆ ಏನೂ ಆಗುವುದಿಲ್ಲ.

ಅದನ್ನು ಅಳಿಸಲು ಎರಡು ಬಾಗಿಲು. ಒಂದು ನೆಟ್‌ಫ್ಲಿಕ್ಸ್ ಖಾತೆಯ Manage payment methods. ಆದರೆ ಸದಸ್ಯತ್ವ ಚಾಲ್ತಿಯಲ್ಲಿದ್ದು ಇರುವುದೊಂದೇ ಕಾರ್ಡ್ ಆಗಿದ್ದರೆ ಅದನ್ನು ತೆಗೆಯಲು ಬಿಡುವುದಿಲ್ಲ. ಹೀಗಾಗಿ ಸೆಪ್ಟೆಂಬರ್ 12 ದಾಟಿದ ಮೇಲೆ ಪ್ರಯತ್ನಿಸಿ. ಅಲ್ಲಿ ಆಗದಿದ್ದರೂ ಚಿಂತೆ ಇಲ್ಲ, ಎರಡನೆಯ ಬಾಗಿಲು ಬ್ಯಾಂಕಿನದು. ನಿಮ್ಮ ಕಾರ್ಡಿನ ಟೋಕನ್ ಯಾವ್ಯಾವ ವ್ಯಾಪಾರಿಗಳ ಬಳಿ ಇದೆ ಎಂದು ಪಟ್ಟಿ ತೋರಿಸುವ, ಬೇಡವಾದದ್ದನ್ನು ತೆಗೆಯುವ ಸೌಲಭ್ಯವನ್ನು ಕಾರ್ಡ್ ಕೊಟ್ಟ ಬ್ಯಾಂಕ್ ಒದಗಿಸಲೇಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆ್ಯಪ್‌ನಲ್ಲಿ ಕಾರ್ಡ್ ವಿಭಾಗದೊಳಗೆ token ಎಂಬ ಪದ ಹುಡುಕಿ. ಸಿಗದಿದ್ದರೆ ಶಾಖೆಯಲ್ಲಿ ಕೇಳಿ, ಆದರೆ "ಕಾರ್ಡ್ ಡಿಲೀಟ್ ಮಾಡ್ರಿ" ಎನ್ನಬೇಡಿ, ಅವರು ಕಾರ್ಡನ್ನೇ ಬಂದ್ ಮಾಡಿಯಾರು! "ಈ ವ್ಯಾಪಾರಿಯ ಟೋಕನ್ ತೆಗೀರಿ" ಎನ್ನಿ.

ಬಾಜೂ ಮನೆಯವರ ಸಲಹೆಗೆ ಬರುತ್ತೇನೆ. ಅವರ ಕಳಕಳಿ ಸುಳ್ಳಲ್ಲ, ಆದರೆ ಮದ್ದು ಬೇರೆ ರೋಗದ್ದು. ಹುಬ್ಬಳ್ಳಿಯ ಕೇಶ್ವಾಪುರದವರೊಬ್ಬರು ಹೀಗೇ ಒಂದು ವಿಡಿಯೊ ಆ್ಯಪ್ ನಿಲ್ಲಿಸಲೆಂದು ಕಾರ್ಡ್ ಬ್ಲಾಕ್ ಮಾಡಿಸಿದರು. ಹೊಸ ಕಾರ್ಡ್ ಬರುವಷ್ಟರಲ್ಲಿ ಅದೇ ಕಾರ್ಡಿಗೆ ಜೋಡಿಸಿದ್ದ ವಿಮೆಯ ಕಂತು, ಹೆಸ್ಕಾಂ ಬಿಲ್ಲು ಎರಡೂ ತಪ್ಪಿದವು. ವಿಡಿಯೊ ಆ್ಯಪ್‌ನ ಸಬ್‌ಸ್ಕ್ರಿಪ್ಶನ್ ಮಾತ್ರ ರದ್ದಾಗಿರಲಿಲ್ಲ, ಹಣ ಬಾಕಿ ಎಂದು ಸುಮ್ಮನೆ ತೂಗಾಡುತ್ತಿತ್ತು, ನೆನಪಿನ ಇಮೇಲ್ ಬರುತ್ತಲೇ ಇದ್ದವು. ಕಾರ್ಡ್ ನಂಬರು ಕಳ್ಳರ ಕೈಗೆ ಸಿಕ್ಕಿದೆ ಎಂಬ ಅನುಮಾನವಿದ್ದರೆ ಒಂದು ನಿಮಿಷವೂ ತಡಮಾಡದೆ ಬ್ಲಾಕ್ ಮಾಡಿಸಬೇಕು. ನಿಮ್ಮ ವಿಷಯದಲ್ಲಿ ಅಂಥದ್ದೇನೂ ಇಲ್ಲ.

ಹೆಸರು ಮತ್ತು ನೋಡಿದ್ದರ ಪಟ್ಟಿ ಅಳಿಸುವ ಕೆಲಸವನ್ನು ಮಾತ್ರ ಮುಂದೂಡಬೇಡಿ. ಟಿವಿ ಇನ್ನೂ ನಡೆಯುತ್ತಿರುವ ಈ ಒಂಬತ್ತು ದಿನ ನಿಮ್ಮ ಅನುಕೂಲಕ್ಕೇ ಇದೆ, ಎಲ್ಲ ಪುಟಗಳೂ ಸಲೀಸಾಗಿ ತೆರೆಯುತ್ತವೆ. ಕ್ಯಾನ್ಸಲ್ ಮಾಡಿದರೆ ಇವೆಲ್ಲ ತಾವೇ ಅಳಿಸಿಹೋಗುತ್ತವೆ ಎಂಬುದು ತಪ್ಪು ತಿಳಿವಳಿಕೆ. ವಾಪಸ್ ಬಂದರೆ ಅನುಕೂಲವಾಗಲಿ ಎಂದು ನೆಟ್‌ಫ್ಲಿಕ್ಸ್ ರದ್ದಾದ ಖಾತೆಯ ವಿವರಗಳನ್ನು 10 ತಿಂಗಳು ಇಟ್ಟುಕೊಳ್ಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಮುಂದಿನ ಜುಲೈ ತನಕ.

ಮೊದಲು ಮಗಳಿಗೆ ಒಂದು ಫೋನ್ ಮಾಡಿ. ಧಾರವಾಡದಲ್ಲಿ ಅವಳು ಸ್ವಂತ ಖಾತೆ ಮಾಡಿಕೊಳ್ಳುವ ಯೋಚನೆಯಲ್ಲಿದ್ದರೆ, ಅವಳ ಪ್ರೊಫೈಲನ್ನು ಪಟ್ಟಿ, ಇತಿಹಾಸ ಸಮೇತ ಹೊಸ ಖಾತೆಗೆ ಒಯ್ಯುವ Transfer Profile ಎಂಬ ಸೌಲಭ್ಯವಿದೆ. ಅದು ನಕಲು ಮಾತ್ರ, ನಿಮ್ಮ ಖಾತೆಯಲ್ಲಿರುವುದನ್ನು ಆಮೇಲೆ ನೀವೇ ಅಳಿಸಬೇಕು. ಬೇಡ ಎಂದರೆ ನೇರವಾಗಿ ಅಳಿಸಿ. ಅಳಿಸಿದ ಪ್ರೊಫೈಲ್ ಮರಳಿ ಬರುವುದಿಲ್ಲ, ಅದಕ್ಕೇ ಮೊದಲು ಕೇಳಿ ಎಂದೆ.

ಪ್ರೊಫೈಲ್ ಅಳಿಸಿದರೆ ಅದರ ಹೆಸರು, ಉಳಿಸಿಟ್ಟ ಪಟ್ಟಿ, ನೋಡಿದ್ದರ ಇತಿಹಾಸ ಒಟ್ಟಿಗೇ ಹೋಗುತ್ತವೆ. ಹಾಗಾಗಿ ನಾಲ್ಕರಲ್ಲಿ ಮೂರಕ್ಕೆ ಇತಿಹಾಸವನ್ನು ಬೇರೆಯಾಗಿ ಒರೆಸುತ್ತ ಕೂಡುವ ಅಗತ್ಯವಿಲ್ಲ. ಮಕ್ಕಳ ಪ್ರೊಫೈಲ್ ಒಂದಿದ್ದರೆ ಅದಕ್ಕಂತೂ ಇದೊಂದೇ ದಾರಿ, ಏಕೆಂದರೆ ಮಕ್ಕಳ ಪ್ರೊಫೈಲಿನಲ್ಲಿ ನೋಡಿದ್ದನ್ನು ಒಂದೊಂದಾಗಿ ಮರೆಮಾಡಲು ಬರುವುದಿಲ್ಲ. ತೊಡಕು ಬರುವುದು ನಾಲ್ಕನೆಯದರಲ್ಲಿ. ಖಾತೆ ತೆರೆದಾಗ ಮೊದಲು ಮಾಡಿದ ಪ್ರೊಫೈಲನ್ನು, ಬಹುಶಃ ಅದು ನಿಮ್ಮದೇ, ಅಳಿಸಲು ಬರುವುದಿಲ್ಲ. ಅದಕ್ಕೆ netflix.com/viewingactivity ತೆರೆಯಿರಿ. ತೆರೆಯುವ ಮುಂಚೆ ಮೇಲೆ ನಿಮ್ಮ ಪ್ರೊಫೈಲೇ ಆಯ್ಕೆಯಾಗಿದೆಯೇ ನೋಡಿಕೊಳ್ಳಿ. ತಾರೀಖಿನ ಸಮೇತ ಉದ್ದ ಪಟ್ಟಿ ಬರುತ್ತದೆ. ಕೆಳಗೆ Hide all ಇದೆ, ಒತ್ತಿದರೆ ಎಲ್ಲ ಮರೆಯಾಗುತ್ತದೆ. ಟಿವಿ, ಫೋನು ಎಲ್ಲ ಕಡೆಯಿಂದ ಹೋಗಲು 24 ಗಂಟೆಯವರೆಗೂ ಬೇಕಾಗಬಹುದು. ಸಂಜೆ ಒತ್ತಿ ರಾತ್ರಿ ಟಿವಿಯಲ್ಲಿ ಇನ್ನೂ ಕಂಡಿತೆಂದು ಮತ್ತೆ ಮತ್ತೆ ಒತ್ತುವುದು ಬೇಡ. ಆಮೇಲೆ ಪ್ರೊಫೈಲಿನ ಹೆಸರನ್ನು ಬದಲಿಸಿ ಬರೀ "ಅ" ಎಂದಿಟ್ಟರೂ ಆದೀತು.

ಒಂದು ಮಾತು ಬಿಚ್ಚಿ ಹೇಳಬೇಕು. Hide ಎಂದರೆ ಮರೆಮಾಡುವುದು. ನಿಮ್ಮ ಕಣ್ಣಿಗೆ, ಮನೆಯವರ ಕಣ್ಣಿಗೆ ಕಾಣುವುದಿಲ್ಲ, ಅದರ ಮೇಲೆ ಶಿಫಾರಸುಗಳೂ ಬರುವುದಿಲ್ಲ. ಕಂಪನಿಯ ದಾಖಲೆಯಿಂದಲೇ ಹೋಗಬೇಕೆಂದರೆ ಖಾತೆಯೇ ಅಳಿಯಬೇಕು. ಅದಕ್ಕೆ 10 ತಿಂಗಳು ಸುಮ್ಮನಿರಬಹುದು, ಅಷ್ಟರೊಳಗೆ ಯಾರೂ ಮತ್ತೆ ಶುರು ಮಾಡದಿದ್ದರೆ ತಾನಾಗಿ ಅಳಿಯುತ್ತದೆ. ಕಾಯಲು ಮನಸ್ಸಿಲ್ಲದಿದ್ದರೆ ಖಾತೆಗೆ ನೋಂದಾಯಿಸಿದ ಅದೇ ಇಮೇಲಿನಿಂದ privacy@netflix.com ಗೆ ಖಾತೆ ಅಳಿಸಿ ಎಂದು ಬರೆಯಬಹುದು. ಬೇರೆ ಇಮೇಲಿನಿಂದ ಬರೆದರೆ ಖಾತೆ ನಿಮ್ಮದೇ ಎಂದು ಅವರಿಗೆ ಗೊತ್ತಾಗುವುದಿಲ್ಲ. ಎರಡು ಸಾಲಿನ ಇಂಗ್ಲಿಷ್ ಸಾಕು:

```
Please delete my Netflix account and personal data.
My membership has been cancelled.
```

ಇದನ್ನು ಈಗಲೇ ಕಳಿಸಬೇಡಿ. ಸೆಪ್ಟೆಂಬರ್ 12 ದಾಟಲಿ, ಹಣ ಕಟ್ ಆಗಿಲ್ಲ ಎಂದು ಪಾಸ್‌ಬುಕ್‌ನಲ್ಲೋ ಆ್ಯಪ್‌ನಲ್ಲೋ ನೋಡಿಕೊಳ್ಳಿ, ಆಮೇಲೆ ಕಳಿಸಿ. ನಾನು ಕಂಡ ಗೋಜಲುಗಳಲ್ಲಿ ಹೆಚ್ಚಿನವು ಈ ಕ್ರಮ ತಪ್ಪಿದ್ದರಿಂದ ಆದವು. ಖಾತೆಯನ್ನೋ ಇಮೇಲನ್ನೋ ಮೊದಲು ಅಳಿಸಿ ಕೂತವರು, ಮುಂದೆ ಹಣ ಕಟ್ ಆದಾಗ ಲಾಗಿನ್ ಆಗಿ ತೋರಿಸಲು ಖಾತೆಯೇ ಇಲ್ಲದೆ ಪರದಾಡುತ್ತಾರೆ. ಇನ್ನು ಖಾತೆ ಅಳಿಸಿದರೂ ತೆರಿಗೆ, ಲೆಕ್ಕಪತ್ರಕ್ಕೆ ಬೇಕಾದ ಬಿಲ್ಲಿನ ದಾಖಲೆ ಒಂದಿಷ್ಟು ಅವರಲ್ಲಿ ಉಳಿದೀತು. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಆ 199ರ ಸಾಲುಗಳು ಹಾಗೇ ಇರುತ್ತವೆ. "ಪೂರಾ" ಎಂಬುದಕ್ಕೆ ಅಷ್ಟು ಮಿತಿ ಇದೆ.

ಸೆಪ್ಟೆಂಬರ್ 12ರಂದು ಏನಾಗುತ್ತದೆಂದು ಮುಂಚೆಯೇ ತಿಳಿಯುವ ಉಪಾಯವೊಂದಿದೆ. ಮ್ಯಾಂಡೇಟ್ ಮೇಲೆ ಹಣ ತೆಗೆಯುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ನಿಮಗೆ ತಿಳಿಸಬೇಕು: ಯಾರು, ಎಷ್ಟು, ಯಾವತ್ತು ತೆಗೆಯುತ್ತಾರೆ, ಯಾವ ಉಲ್ಲೇಖ ಸಂಖ್ಯೆಯ ಮ್ಯಾಂಡೇಟ್ ಎಂದು. ಆ ಒಂದು ಕಂತನ್ನು ತಡೆಯುವ ಅವಕಾಶವನ್ನೂ ಕೊಡಬೇಕು. ಎಸ್‌ಎಂಎಸ್ ಬರುವುದೋ ಇಮೇಲೋ ಎಂಬುದು ನೀವು ಆರಿಸಿಕೊಂಡಂತೆ. 11ನೇ ತಾರೀಖು ಸಂಜೆಯವರೆಗೆ ಅಂಥದ್ದೇನೂ ಬರದಿದ್ದರೆ ನಿರಾಳವಾಗಿರಬಹುದು. ಬಂದರೆ ತಡ ಮಾಡದೆ ಬ್ಯಾಂಕ್ ಆ್ಯಪ್ ತೆರೆದು ತಡೆಯಿರಿ.

ಅಷ್ಟಾಗಿಯೂ ಕಟ್ ಆದರೆ, ರದ್ದತಿಯ ಇಮೇಲನ್ನು ತೋರಿಸಿ ಮೊದಲು ನೆಟ್‌ಫ್ಲಿಕ್ಸ್‌ಗೆ, ಜೊತೆಗೇ ಬ್ಯಾಂಕಿಗೆ ಲಿಖಿತ ದೂರು ಕೊಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕಂಪನಿಯೇ ರದ್ದು ಮಾಡಲು ಬಿಡದೆ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಕಟ್ಟಿದ ವ್ಯವಸ್ಥೆಯನ್ನು 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ "ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್" ಎಂದೇ ಹೆಸರಿಸಿ ನಿಷೇಧಿಸಿದೆ.

ಇದರ ನಡುವೆ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿ ಫೋನ್ ಮಾಡುವ ಕೆಲಸ ಬೇಡವೇ ಬೇಡ. ಅಲ್ಲಿ ಮೇಲೆ ಬರುವ ನಂಬರುಗಳಲ್ಲಿ ನಕಲಿಯವೂ ಇರುತ್ತವೆ. "ರೀಫಂಡ್ ಹಾಕ್ತೀವಿ ಮೇಡಂ, ಈ ಆ್ಯಪ್ ಹಾಕ್ಕೊಳ್ಳಿ" ಎಂದು ನಿಮ್ಮ ಫೋನಿನ ಪರದೆಯನ್ನೇ ನೋಡುವ ಆ್ಯಪ್ ಹಾಕಿಸುತ್ತಾರೆ, ಆಮೇಲೆ ಬರುವ ಓಟಿಪಿಯನ್ನು ನೀವು ಹೇಳುವ ಅಗತ್ಯವೂ ಇರುವುದಿಲ್ಲ. 199 ರೂಪಾಯಿ ಉಳಿಸಲು ಹೋಗಿ ಪಿಂಚಣಿಯ ಹಣ ಕಳೆದುಕೊಂಡವರು ನನ್ನ ಮೇಜಿನ ಮುಂದೆ ಕೂತಿದ್ದಾರೆ. ಅಂಥದ್ದು ಆದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕೊನೆಗೆ ಟಿವಿ. ಖಾತೆಯ ಭದ್ರತೆಯ ಪುಟದಲ್ಲಿ Sign out of all devices ಒತ್ತಿದರೆ ನಿಮ್ಮ ಖಾತೆ ಎಲ್ಲ ಸಾಧನಗಳಿಂದ ಹೊರಬರುತ್ತದೆ, ಆದರೆ ತಕ್ಷಣವೇ ಅಲ್ಲ, ಕೆಲವು ಗಂಟೆ ಹಿಡಿಯುತ್ತದೆ. ಅದನ್ನು ಒತ್ತುವ ಮುಂಚೆ ಪಾಸ್‌ವರ್ಡ್ ಬದಲಿಸಿ, ಇಲ್ಲದಿದ್ದರೆ ಹಳೆಯದು ಗೊತ್ತಿದ್ದವರು ಮತ್ತೆ ಒಳಗೆ ಬರಬಹುದು. ನೆಟ್‌ಫ್ಲಿಕ್ಸ್ ಒಂದರಿಂದ ಹೊರಬಂದರೆ ಸಾಲದು. ಸ್ಮಾರ್ಟ್ ಟಿವಿಯಲ್ಲಿ ನಿಮ್ಮ ಗೂಗಲ್ ಖಾತೆ, ಯೂಟ್ಯೂಬ್, ಮನೆಯ ವೈಫೈ ಪಾಸ್‌ವರ್ಡ್ ಕೂಡ ಕೂತಿರುತ್ತವೆ. ಹುಬ್ಬಳ್ಳಿ ದುರ್ಗದಬೈಲಿನ ಹಳೆಯ ಟಿವಿ ಅಂಗಡಿಯೊಂದರಲ್ಲಿ ನಾನು ಒಮ್ಮೆ ಟಿವಿ ಆನ್ ಮಾಡಿ ನೋಡಿದಾಗ ಯಾರದೋ ಮನೆಯ ಐದೂ ಜನರ ಹೆಸರು, ಅರ್ಧಕ್ಕೆ ಬಿಟ್ಟ ಧಾರಾವಾಹಿ ಸಮೇತ ಎದುರಿಗೆ ಬಂತು. ಹಾವೇರಿಗೆ ಕಳಿಸುವ ಹಿಂದಿನ ದಿನ ಟಿವಿಯ Settings ಒಳಗೆ Factory reset ಮಾಡಿ. ಐದ್ಹತ್ತು ನಿಮಿಷ ಬಿಟ್ಟು ಟಿವಿ ಮತ್ತೆ ಆನ್ ಆದಾಗ ಭಾಷೆ ಯಾವುದು, ವೈಫೈ ಯಾವುದು ಎಂದು ಹೊಸದರಂತೆ ಕೇಳಬೇಕು. ಕೇಳಿತೆಂದರೆ ಅಲ್ಲಿಗೇ ನಿಲ್ಲಿಸಿ, ನಿಮ್ಮ ವೈಫೈ ಹಾಕದೆ ಪ್ಲಗ್ ತೆಗೆಯಿರಿ. ಮುಂದಿನದನ್ನು ನಿಮ್ಮ ತಮ್ಮನವರು ತಮ್ಮ ಮನೆಯಲ್ಲಿ ತುಂಬಿಕೊಳ್ಳಲಿ.